ನನ್ನ ಬೆಳಗಿನ ಕಾಫಿ, ಅವನ ರಾತ್ರಿಯ ಸಾರು

ಬೆಂಗಳೂರಿನಲ್ಲಿ ಬೆಳಗ್ಗೆ 7.30 ಆದಾಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹಿಂದಿನ ದಿನದ ಸಂಜೆ 7 ಗಂಟೆ. ಲೆಕ್ಕ ಸುಲಭ: ಬೆಳಗನ್ನು ಸಂಜೆ ಮಾಡಿ, ಅರ್ಧ ಗಂಟೆ ಕಳೆದರೆ ಆಯ್ತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಅರ್ಧದ ಬದಲು ಒಂದೂವರೆ ಗಂಟೆ ಕಳೆಯಬೇಕು. ಮನೆಯಲ್ಲಿ ಅಜ್ಜಿಗೂ ಈ ಲೆಕ್ಕ ಬಾಯಿಪಾಠ ಆಗಿದೆ. ಕಷ್ಟ ಇರೋದು ಲೆಕ್ಕದಲ್ಲಲ್ಲ. ಒಬ್ಬರು ಹಲ್ಲುಜ್ಜುತ್ತಿರುವಾಗ ಇನ್ನೊಬ್ಬರು ಆಫೀಸಿನಿಂದ ಸುಸ್ತಾಗಿ ಬಂದು ಶೂ ಬಿಚ್ಚುತ್ತಿರುತ್ತಾರೆ. ಆ ಎರಡು ಮನಸ್ಸುಗಳು ಒಂದೇ ಮಾತಿನಲ್ಲಿ ಕೂರಬೇಕು, ಅದು ಕಷ್ಟ.

ನಮ್ಮ ನಿಶ್ಚಿತಾರ್ಥ ಆದದ್ದು ಕಳೆದ ಮೇ ತಿಂಗಳಲ್ಲಿ. ಮನೆಯವರು ನೋಡಿದ ಸಂಬಂಧ. ಹನ್ನೊಂದು ದಿನದಲ್ಲಿ ನಾಲ್ಕು ಸಲ ಭೇಟಿಯಾದೆವು, ಅದರಲ್ಲಿ ಎರಡು ಸಲ ಸುತ್ತ ಹತ್ತು ಜನ ಇದ್ದರು. ಆಮೇಲೆ ಹುಡುಗ ವಿಮಾನ ಹತ್ತಿದ. ಮದುವೆ ಬರುವ ಫೆಬ್ರುವರಿಯಲ್ಲಿ. ನಡುವಿನ ಒಂಬತ್ತು ತಿಂಗಳಲ್ಲಿ ಒಬ್ಬರನ್ನೊಬ್ಬರು ತಿಳಿದುಕೊಳ್ಳಲು ಇದ್ದದ್ದು ಫೋನ್ ಒಂದೇ. ನನ್ನ ಹಾಗೆ ಇರುವವರು ಈಗ ಪ್ರತಿ ಆಫೀಸಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಎಂಟು ತಿಂಗಳಲ್ಲಿ ಕೆಲಸಕ್ಕೆ ಬಂದದ್ದೇನು, ಬಾರದ್ದೇನು ಅಂತ ಅವರಿಗೋಸ್ಕರ ಬರೆಯುತ್ತಿದ್ದೇನೆ.

ಮೊದಲು ಒಂದು ಹಾಳೆ, ಎರಡು ಪಟ್ಟಿ

ಒಂದು ಹಾಳೆಯಲ್ಲಿ ನನ್ನ ಇಪ್ಪತ್ನಾಲ್ಕು ಗಂಟೆ ಬರೆದೆ, ಅದರ ಕೆಳಗೆ ಅವನದ್ದು. ನಿದ್ದೆ, ಆಫೀಸು, ಪ್ರಯಾಣ ಎಲ್ಲವನ್ನೂ ಪೆನ್ಸಿಲ್‌ನಿಂದ ಮಸಿ ಮಾಡಿದೆ. ಎರಡೂ ಕಡೆ ಬಿಳಿ ಉಳಿದದ್ದು ಎರಡೇ ಜಾಗ. ನನ್ನ ಬೆಳಗ್ಗೆ ಆರೂವರೆಯಿಂದ ಎಂಟು, ಅಂದರೆ ಅವನ ಸಂಜೆ ಆರರಿಂದ ಏಳೂವರೆ. ಇನ್ನೊಂದು ನನ್ನ ರಾತ್ರಿ ಎಂಟರಿಂದ ಹತ್ತು, ಅಂದರೆ ಅವನ ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ.

ಮೊದಲ ಮೂರು ವಾರ ರಾತ್ರಿಯ ಕರೆ ನಡೆಯಿತು. ಕೆಲಸ ಮುಗಿದಿದೆ, ಊಟ ಆಗಿದೆ, ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು ಅಂತ ನನಗೆ ಅನ್ನಿಸುತ್ತಿತ್ತು. ಅವನ ಕಡೆ ನೋಡಿದರೆ ಬೆಳಗ್ಗೆಯ ಗಡಿಬಿಡಿ. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಿವಿ ಆಫೀಸಿನ ಮೊದಲ ಮೀಟಿಂಗಿಗೆ. ನನಗೆ ಹೇಳುವುದಕ್ಕೆ ಇಡೀ ದಿನ ಇರುತ್ತಿತ್ತು. ಅವನಿಗೆ ದಿನ ಇನ್ನೂ ಶುರುವೇ ಆಗಿರಲಿಲ್ಲ, ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಅವನು ಹೊರಟ ಮೇಲೂ ನಾನು ಫೋನ್ ಹಿಡಿದು ಮಲಗುತ್ತಿದ್ದೆ, ನಿದ್ದೆ ಬರುವಾಗ ಹನ್ನೆರಡು.

ಜೂನ್‌ನಲ್ಲಿ ಬೆಳಗ್ಗೆ 7.15ಕ್ಕೆ ಬದಲಾಯಿಸಿದೆವು. ಅವನಿಗೆ ಆಗ ಸಂಜೆ 6.45, ಮನೆ ಸೇರಿ ಹತ್ತು ನಿಮಿಷ. 7.40ಕ್ಕೆ ಕರೆ ಮುಗಿಯಲೇಬೇಕು, ಯಾಕಂದರೆ 8.15ಕ್ಕೆ ನಾನು ವಿಜಯನಗರದಿಂದ ವೈಟ್‌ಫೀಲ್ಡ್ ಕಡೆಯ ಮೆಟ್ರೋ ಹಿಡಿಯಬೇಕು. ಇಪ್ಪತ್ತೈದು ನಿಮಿಷದ ಈ ಗಡಿ ನಮಗೆ ಉಪಕಾರವೇ ಮಾಡಿತು. ಕರೆ ಕಡಿದರೆ ಬೇಜಾರು ಮಾಡಿಕೊಳ್ಳುವವರು ಯಾರೂ ಇಲ್ಲ, ಕಡಿಯುವುದು ಮೆಟ್ರೋ.

ನೀವು ಹಾಳೆ ಬರೆಯುವಾಗ ಒಂದು ವಿಷಯ ನೋಡಿಕೊಳ್ಳಿ. ಬಿಳಿ ಜಾಗ ಸಿಕ್ಕಿತು ಅಂದರೆ ಸಾಲದು, ಆ ಹೊತ್ತಿನಲ್ಲಿ ಯಾರ ಮೈಯಲ್ಲಿ ಎಷ್ಟು ಶಕ್ತಿ ಇರುತ್ತದೆ, ಯಾರ ಹತ್ತಿರ ಹೇಳಲು ದಿನ ಇರುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಲಂಡನ್ನಿನಲ್ಲಿ ಇರುವವರಿಗೆ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆಯ ಅಂತರ. ಇಲ್ಲಿನ ರಾತ್ರಿ ಹತ್ತು ಅವರ ಸಂಜೆ. ಅಲ್ಲಿ ರಾತ್ರಿಯ ಕರೆ ಚೆನ್ನಾಗಿಯೇ ನಡೆಯಬಹುದು. ದುಬೈ ಆದರೆ ಒಂದೂವರೆ ಗಂಟೆ, ಹಾಳೆಯೇ ಬೇಡ. ಅಮೆರಿಕದ ಪಶ್ಚಿಮ ತೀರ ಮಾತ್ರ ನಮ್ಮ ಗಡಿಯಾರವನ್ನು ಪೂರ್ತಿ ತಲೆಕೆಳಗೆ ಮಾಡುತ್ತದೆ.

ದಿನದ ಹೆಸರಿನ ಗೊಂದಲಕ್ಕೂ ಒಂದು ಕಟ್ಟು ಮಾಡಿಕೊಂಡೆವು. ‘ನಾಳೆ’ ಅನ್ನೋ ಪದವೇ ಬಿಟ್ಟೆವು. ನನ್ನ ಶನಿವಾರ ಬೆಳಗ್ಗೆ ಅವನಿಗೆ ಇನ್ನೂ ಶುಕ್ರವಾರ. ಹಾಗಾಗಿ ‘ನಿನ್ನ ಶುಕ್ರವಾರ’, ‘ನನ್ನ ಶನಿವಾರ’ ಅಂತಲೇ ಹೇಳುತ್ತೇವೆ. ಕೇಳುವವರಿಗೆ ತಮಾಷೆ, ಆದರೆ ಕಾದು ಕೂರುವುದು ತಪ್ಪಿತು.

‘ಮತ್ತೆ?’ ಮೂರು ಸಲ ಬಂದರೆ

ಕನ್ನಡದಲ್ಲಿ ಫೋನ್ ಮಾತಿನ ಆಯಸ್ಸು ಅಳೆಯಲು ಒಂದು ಪದ ಇದೆ: ‘ಮತ್ತೆ’.

‘ಊಟ ಆಯ್ತಾ?’

‘ಆಯ್ತು. ನಿಂದು?’

‘ಆಯ್ತು. ಮತ್ತೆ?’

‘ಏನಿಲ್ಲ, ನೀನೇ ಹೇಳು. ಮತ್ತೆ?’

ಹೊಸ ಸಂಬಂಧದಲ್ಲಿ ಈ ‘ಮತ್ತೆ’ ಬೇಗ ಬರುತ್ತದೆ. ಹಳೆಯ ಗೆಳತಿಯ ಜೊತೆ ಮಾತಾಡುವಾಗ ನಮ್ಮಿಬ್ಬರಿಗೂ ಗೊತ್ತಿರುವ ನೂರು ಜನ, ನೂರು ಜಾಗ ಇರುತ್ತವೆ, ಒಂದು ಹೆಸರು ಎತ್ತಿದರೆ ಸಾಕು. ನಾಲ್ಕು ಸಲ ನೋಡಿದ ಹುಡುಗನ ಜೊತೆ ಆ ಬಂಡವಾಳ ಇಲ್ಲ. ಅವನ ಮ್ಯಾನೇಜರ್ ಯಾರೋ ನನಗೆ ಗೊತ್ತಿಲ್ಲ, ನನ್ನ ಪಕ್ಕದ ಸೀಟಿನವಳು ಅವನಿಗೆ ಗೊತ್ತಿಲ್ಲ. ಹೀಗಾಗಿ ಇಬ್ಬರೂ ಪ್ರಶ್ನೆ ಕೇಳುತ್ತಾ ಹೋಗುತ್ತೇವೆ, ಸ್ವಲ್ಪ ದಿನಕ್ಕೆ ಕರೆ ಅನ್ನೋದು ಇಂಟರ್‌ವ್ಯೂ ಆಗುತ್ತದೆ.

ನಮ್ಮನ್ನು ಅದರಿಂದ ಬಿಡಿಸಿದ್ದು ಅಡುಗೆಮನೆ. 7.15ಕ್ಕೆ ನಾನು ಹೇಗೂ ಕಾಫಿ ಮಾಡುತ್ತಿರುತ್ತೇನೆ. 6.45ಕ್ಕೆ ಅವನು ಹೇಗೂ ರಾತ್ರಿಯ ಅಡುಗೆಗೆ ಇಳಿಯಬೇಕು. ಫೋನನ್ನು ನಾನು ಮಿಕ್ಸಿಗೆ ಒರಗಿಸಿ ಇಟ್ಟೆ, ಅವನು ಅಕ್ಕಿ ಡಬ್ಬಕ್ಕೆ ಒರಗಿಸಿದ. ನಾನು ಫಿಲ್ಟರ್‌ಗೆ ಬಿಸಿನೀರು ಹಾಕುತ್ತೇನೆ, ಅವನು ತೊಗರಿಬೇಳೆ ತೊಳೆದು ಕುಕ್ಕರ್‌ಗೆ ಹಾಕುತ್ತಾನೆ. ಅಷ್ಟರಲ್ಲಿ ಮಾತು ತಾನಾಗಿ ಬರುತ್ತದೆ, ಬಾರದಿದ್ದರೆ ಬೇಡ. ಎರಡು ನಿಮಿಷ ಯಾರೂ ಮಾತಾಡದೆ ಇದ್ದರೂ ಮುಜುಗರ ಇಲ್ಲ, ಕೈಗೆ ಕೆಲಸ ಇದೆಯಲ್ಲ.

ಜುಲೈಯಲ್ಲಿ ಅವನ ಸಾರು ನೀರು ನೀರಾಗುತ್ತಿತ್ತು. ಬೇಳೆ ಬೆಂದಿದ್ದರೂ ಮಸೆಯದೆ ಹಾಗೇ ಹಾಕುತ್ತಿದ್ದ. ‘ಸೌಟಿನ ಹಿಂಬದಿಯಲ್ಲಿ ಮಸೀ, ಆಮೇಲೆ ಹುಣಸೆ ರಸ’ ಅಂದೆ. ‘ನಮ್ಮಮ್ಮ ಟೊಮೆಟೊ ಹಾಕ್ತಾರೆ, ಹುಣಸೆ ಅಲ್ಲ’ ಅಂದ. ಅಲ್ಲಿಂದ ಅವರ ಮನೆಯ ಅಡುಗೆ, ಅವರಪ್ಪ ಊಟಕ್ಕೆ ಕೂತಾಗ ಉಪ್ಪು ಕೇಳುವ ರೀತಿ, ಚಿಕ್ಕವನಿದ್ದಾಗ ಅವನು ಊಟ ಬಿಟ್ಟು ಎದ್ದು ಹೋದ ಒಂದು ರಾತ್ರಿ, ಎಲ್ಲ ಹೊರಗೆ ಬಂತು. ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಅಂತ ಕೇಳಿದ್ದರೆ ಇದು ಬರುತ್ತಿತ್ತಾ? ಅವನು ನನ್ನನ್ನು ‘ನೀವು’ ಅನ್ನುವುದು ಬಿಟ್ಟು ‘ನೀನು’ ಅಂದದ್ದೂ ಅಡುಗೆ ಮಾಡುತ್ತಲೇ. ಒಗ್ಗರಣೆ ಸೀಯುತ್ತಿತ್ತು, ‘ಏ, ನೀನ್ ಹೇಳ್ಬಾರ್ದಾ!’ ಅಂತ ಕೂಗಿಬಿಟ್ಟ. ಆಮೇಲೆ ಇಬ್ಬರೂ ನಕ್ಕೆವು, ‘ನೀವು’ ಮತ್ತೆ ವಾಪಸ್ ಬರಲಿಲ್ಲ.

ನೀವು ಅಡುಗೆಯನ್ನೇ ಮಾಡಬೇಕು ಅಂತಿಲ್ಲ. ಬಟ್ಟೆ ಮಡಿಸಬಹುದು, ಗಿಡಕ್ಕೆ ನೀರು ಹಾಕಬಹುದು, ಇಬ್ಬರೂ ತಮ್ಮ ತಮ್ಮ ರಸ್ತೆಯಲ್ಲಿ ವಾಕಿಂಗ್ ಹೋಗಬಹುದು. ಮೂರು ಗುಣ ಇದ್ದರೆ ಸಾಕು: ಆ ಕೆಲಸ ಹೇಗೂ ದಿನಾ ಮಾಡಲೇಬೇಕಾದದ್ದು, ಕೈಗೆ ಕೆಲಸ ಕೊಟ್ಟು ಬಾಯಿ ಬಿಡುವು ಮಾಡುವಂಥದ್ದು, ಅರ್ಧಕ್ಕೆ ನಿಂತರೂ ನಷ್ಟ ಇಲ್ಲದ್ದು. ಕಾರು ಓಡಿಸುತ್ತಾ ಮಾತಾಡುವುದು ಮಾತ್ರ ಬೇಡ ಅಂತ ನಾವು ಮೊದಲೇ ತೀರ್ಮಾನಿಸಿದೆವು. ಅರ್ಧ ಗಮನದ ಮಾತು ಮನಸ್ಸಿಗೂ ಒಳ್ಳೆಯದಲ್ಲ, ರಸ್ತೆಗೂ ಅಲ್ಲ.

ಕೆಲವು ದಿನ ಅಡುಗೆ ಇದ್ದರೂ ‘ಮತ್ತೆ’ ಬರುತ್ತದೆ. ಅದಕ್ಕೆ ನಮ್ಮ ನಿಯಮ: ಒಂದೇ ಕರೆಯಲ್ಲಿ ಮೂರನೇ ಸಲ ‘ಮತ್ತೆ’ ಬಂದರೆ ನಕ್ಕು ಫೋನ್ ಇಡುವುದು. ಒಂದು ದಿನ ಹೀಗಾದರೆ ಅದು ಸುಸ್ತು. ಎರಡು ವಾರ ದಿನಾ ಹೀಗೇ ಆದರೆ, ಹೇಳಲು ಏನೋ ಇದೆ, ಯಾರೋ ಹೇಳುತ್ತಿಲ್ಲ ಅಂತ ಅರ್ಥ. ನಮಗೆ ಆಗಸ್ಟ್‌ನಲ್ಲಿ ಹಾಗಾಯಿತು.

ಭಾರದ ಮಾತಿಗೆ ಬೇರೆ ಹೊತ್ತು

ಹೇಳದೆ ಉಳಿದಿದ್ದದ್ದು ನನ್ನ ಕೆಲಸದ ವಿಷಯ. ಅವನು ಇರುವುದು ಎಚ್-1ಬಿ ವೀಸಾದಲ್ಲಿ. ಮದುವೆಯಾಗಿ ಹೋದರೆ ನನಗೆ ಸಿಗುವುದು ಎಚ್-4. ಅದರಲ್ಲಿ ಹೋದ ಹೆಂಡತಿಗೆ ಅಲ್ಲಿ ಕೆಲಸ ಮಾಡಲು ತಾನಾಗಿ ಅನುಮತಿ ಇಲ್ಲ. ಸಾಮಾನ್ಯವಾಗಿ, ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಅನ್ನೋ ಅರ್ಜಿ ಮಂಜೂರಾದ ಮೇಲೆ ಹೆಂಡತಿ ಕೆಲಸದ ಪರವಾನಗಿಗೆ ಬೇರೆ ಅರ್ಜಿ ಹಾಕಬಹುದು. ಅವನ ಕಂಪನಿ ಆ ದಾರಿಯ ಮೊದಲ ಹೆಜ್ಜೆಯಲ್ಲಿತ್ತು. ಆರು ವರ್ಷದಿಂದ ಕಟ್ಟಿಕೊಂಡ ಕೆಲಸ ಬಿಟ್ಟು ಅಲ್ಲಿ ಎಷ್ಟು ದಿನ ಸುಮ್ಮನೆ ಕೂರಬೇಕು ಅನ್ನೋದು ನನ್ನ ಎದೆಯಲ್ಲಿತ್ತು. ಕೇಳಿದರೆ ಹುಡುಗಿ ಈಗಲೇ ಕಂಡೀಷನ್ ಹಾಕುತ್ತಾಳೆ ಅಂದುಕೊಂಡಾನು ಅನ್ನೋ ಅಳುಕು ನನಗೆ, ಕೇಳಿದರೆ ಬೇಡ ಅಂದುಬಿಟ್ಟಾಳು ಅನ್ನೋ ಅಳುಕು ಅವನಿಗೆ.

ಇಪ್ಪತ್ತೈದು ನಿಮಿಷದ ಬೆಳಗಿನ ಕರೆಯಲ್ಲಿ ಇದನ್ನು ಎತ್ತುವ ಹಾಗಿಲ್ಲ. 7.35ಕ್ಕೆ ಒಂದು ಮಾತು ಚುಚ್ಚಿತು ಅನ್ನಿ, 7.40ಕ್ಕೆ ಫೋನ್ ಇಡಬೇಕು. ನಾನು ಆ ಮಾತನ್ನು ಹೊತ್ತು ಆಫೀಸಿಗೆ ಹೋಗುತ್ತೇನೆ, ಅವನು ಅದನ್ನೇ ಹೊತ್ತು ಮಲಗುತ್ತಾನೆ. ಸರಿ ಮಾಡಿಕೊಳ್ಳಲು ಮುಂದಿನ ಬೆಳಗಿನವರೆಗೆ ಕಾಯಬೇಕು. ಒಂದೇ ಊರಿನಲ್ಲಿ ಇರುವವರಿಗೆ ಈ ಕಷ್ಟ ಇಲ್ಲ, ಸಂಜೆ ಎದುರಿಗೆ ಕೂತರೆ ಮುಗಿಯಿತು.

ಹಾಳೆಯನ್ನು ಮತ್ತೆ ತೆಗೆದೆವು. ವಾರದ ರಜೆ ಎರಡು ದಿನ ಅಂತೀವಿ, ಆದರೆ ಇಬ್ಬರಿಗೂ ಒಟ್ಟಿಗೆ ಸಿಗುವ ರಜೆ ಒಂದೂವರೆ ದಿನ ಮಾತ್ರ. ಅವನ ಶನಿವಾರ ಶುರುವಾಗುವಾಗ ನನ್ನ ಶನಿವಾರದ ಮಧ್ಯಾಹ್ನ 12.30. ನನ್ನ ಭಾನುವಾರ ಮುಗಿಯುವಾಗ ಅವನ ಭಾನುವಾರ ಬೆಳಗ್ಗೆ 11.30. ಇದರ ಒಳಗೆ ಇಬ್ಬರೂ ಎಚ್ಚರ ಇದ್ದು, ಇಬ್ಬರಿಗೂ ಮುಂದೆ ಓಡುವ ಕೆಲಸ ಇಲ್ಲದ ಹೊತ್ತು ಅಂದರೆ ನನ್ನ ಭಾನುವಾರದ ಬೆಳಗ್ಗೆ. ಒಂಬತ್ತು ಗಂಟೆಗೆ ಶುರು, ಅವನಿಗೆ ಶನಿವಾರ ರಾತ್ರಿ ಎಂಟೂವರೆ. ಹತ್ತೂವರೆವರೆಗೂ ಕೂರಬಹುದು, ಅವನಿಗೂ ಮಾರನೇ ದಿನ ರಜೆ.

ಅದೇ ಹೊತ್ತಿಗೆ ಅವರಮ್ಮ ಹಾಸನದಿಂದ ಮಗನಿಗೆ ಫೋನ್ ಮಾಡುವ ರೂಢಿ ಇತ್ತು. ಐದು ವರ್ಷದ ರೂಢಿ, ನಾನು ಬಂದೆ ಅಂತ ಕದಲಿಸುವುದು ಸರಿಯಲ್ಲ. ಅವನೇ ಅವರಿಗೆ ‘ಅಮ್ಮ, ಎಂಟು ಗಂಟೆಗೆ ಮಾಡ್ತೀಯಾ? ಪೂರ್ತಿ ಒಂದು ಗಂಟೆ ನಿಂಗೇ’ ಅಂದ. ಈಗ ಅತ್ತೆ ಎಂಟಕ್ಕೆ ಮಾತಾಡಿ, ಒಂಬತ್ತಕ್ಕೆ ನನಗೆ ‘ನಿನ್ನ ಪಾಳಿ ಬಂತಮ್ಮ’ ಅಂತ ವಾಟ್ಸಾಪ್ ಹಾಕುತ್ತಾರೆ. ಮನೆಯವರಿಗೆ ಅವರದ್ದೇ ಹೊತ್ತು ಇದ್ದರೆ ನಮ್ಮ ಹೊತ್ತಿಗೆ ಯಾರೂ ತಲೆ ಹಾಕುವುದಿಲ್ಲ.

ಕೆಲಸದ ಮಾತನ್ನು ಎರಡು ಭಾನುವಾರಕ್ಕೆ ಹಂಚಿದೆವು. ಮೊದಲ ಭಾನುವಾರ ಬರೀ ಸಂಗತಿ, ತೀರ್ಮಾನ ಇಲ್ಲ. ಅವನ ಅರ್ಜಿ ಎಲ್ಲಿದೆ, ಅವನ ಆಫೀಸಿನ ವಕೀಲರು ಏನು ಹೇಳಿದ್ದಾರೆ, ನನ್ನ ಕಂಪನಿಯಲ್ಲಿ ರಜೆ ಹಾಕಿ ಹೋಗಿ ಬರಲು ಅವಕಾಶ ಇದೆಯಾ, ನನ್ನ ಹೆಸರಿನಲ್ಲಿರುವ ಗೃಹಸಾಲದ ಕಂತು ಎಷ್ಟು, ಇಬ್ಬರೂ ಬರೆದುಕೊಂಡೆವು. ನಡುವಿನ ವಾರ ಬೆಳಗಿನ ಕರೆಯಲ್ಲಿ ಆ ವಿಷಯ ಎತ್ತಬಾರದು ಅಂತ ಕಟ್ಟು. ಬೆಳಗ್ಗೆ ಸಾರು, ಕಾಫಿ ಅಷ್ಟೇ. ಎರಡನೇ ಭಾನುವಾರ ತೀರ್ಮಾನ: ಮದುವೆ ಫೆಬ್ರುವರಿಯಲ್ಲೇ. ಐ-140 ಮಂಜೂರಾಗುವವರೆಗೆ ನಾನು ಕೆಲಸ ಬಿಡುವುದಿಲ್ಲ. ವರ್ಷಕ್ಕೆ ಒಂದು ಸಲ ನಾನು ಅಲ್ಲಿಗೆ, ಒಂದು ಸಲ ಅವನು ಇಲ್ಲಿಗೆ. ಹನ್ನೆರಡು ತಿಂಗಳಿಗೆ ಮತ್ತೆ ಕೂತು ನೋಡುವುದು. ಮನೆಯಲ್ಲಿ ಹೇಳಿದಾಗ ಎರಡೂ ಕಡೆ ಮುಖ ಸ್ವಲ್ಪ ಬಾಡಿತು. ಆದರೆ ಇಬ್ಬರೂ ಒಂದೇ ಮಾತು ಹೇಳಿದ್ದರಿಂದ ಅದು ಜಗಳ ಆಗಲಿಲ್ಲ.

ನವೆಂಬರ್‌ನ ಒಂದು ಗಂಟೆ

ಇಷ್ಟೆಲ್ಲ ಜೋಡಿಸಿದ ಮೇಲೆ ಗಡಿಯಾರವೇ ಕದಲುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದೆ. ಬ್ರಿಟನ್ ಮತ್ತು ಯುರೋಪಿನಲ್ಲಿ ಮಾರ್ಚ್ ಹಾಗೂ ಅಕ್ಟೋಬರ್‌ನ ಕೊನೆಯ ಭಾನುವಾರ. ನಮ್ಮಲ್ಲಿ ಗಡಿಯಾರ ಮುಟ್ಟುವ ಪದ್ಧತಿ ಇಲ್ಲ, ಹೀಗಾಗಿ ಬಹಳ ಜನಕ್ಕೆ ಇದು ಗಮನಕ್ಕೇ ಬರುವುದಿಲ್ಲ. ನನ್ನ 7.15 ನವೆಂಬರ್‌ನಿಂದ ಅವನ 5.45 ಆಯಿತು. ಅವನು ಇನ್ನೂ ಆಫೀಸಿನಲ್ಲೇ. ಅಡುಗೆಮನೆಯ ಕರೆ ನಿಲ್ಲಬೇಕಿತ್ತು.

ಅಕ್ಟೋಬರ್ ಕೊನೆಯ ಭಾನುವಾರದ ಕರೆಯಲ್ಲಿ ಇದಕ್ಕೆಂದೇ ಕೂತೆವು. ಪೂರ್ತಿ ಒಂದು ಗಂಟೆ ನಾನೇ ಸರಿದರೆ 8.15, ಮೆಟ್ರೋ ತಪ್ಪುತ್ತದೆ. ಪೂರ್ತಿ ಅವನೇ ಸರಿದರೆ ದಿನಾ ಐದೂಕಾಲಿಗೇ ಆಫೀಸ್ ಬಿಡಬೇಕು. ಅರ್ಧ ಅರ್ಧ ಹಂಚಿಕೊಂಡೆವು. ನಾನು ಸ್ನಾನ ಮೊದಲೇ ಮುಗಿಸಿ 7.45ಕ್ಕೆ ಕಾಫಿ ಇಡುತ್ತೇನೆ. ಅವನು ಬೆಳಗ್ಗೆ ಅರ್ಧ ಗಂಟೆ ಮುಂಚೆ ಆಫೀಸಿಗೆ ಹೋಗಿ, ಸಂಜೆ ಅರ್ಧ ಗಂಟೆ ಮುಂಚೆ ಹೊರಟು 6.15ಕ್ಕೆ ಅಡುಗೆಮನೆಯಲ್ಲಿ ಇರುತ್ತಾನೆ. ಕರೆ ಇಪ್ಪತ್ತೇ ನಿಮಿಷ ಆಯಿತು, ಆದರೆ ಉಳಿಯಿತು.

ಇಲ್ಲಿ ಒಂದು ಚಿಕ್ಕ ತಾಂತ್ರಿಕ ವಿಷಯ. ಗೂಗಲ್ ಕ್ಯಾಲೆಂಡರ್‌ನಲ್ಲಿ ದಿನಾ ಬರುವ ಕರೆಯನ್ನು ಹಾಕಿದರೆ ಅದು ಯಾವ ಊರಿನ ಸಮಯಕ್ಕೆ ಹಾಕಿದ್ದೀರೋ ಆ ಊರಿಗೆ ಅಂಟಿಕೊಂಡಿರುತ್ತದೆ. ಭಾರತದ ಸಮಯಕ್ಕೆ ಹಾಕಿದ್ದರೆ ನವೆಂಬರ್‌ನಲ್ಲಿ ಅವರ ಕಡೆ ಒಂದು ಗಂಟೆ ಜರುಗುತ್ತದೆ. ಕ್ಯಾಲಿಫೋರ್ನಿಯಾದ ಸಮಯಕ್ಕೆ ಹಾಕಿದ್ದರೆ ನಿಮ್ಮ ಕಡೆ ಜರುಗುತ್ತದೆ. ಯಾರ ದಿನ ಬಿಗಿಯಾಗಿದೆಯೋ ಅವರ ಊರಿನ ಸಮಯಕ್ಕೆ ಹಾಕಿಕೊಳ್ಳಿ, ಬದಲಾಗುವ ಎರಡು ಭಾನುವಾರಗಳನ್ನೂ ಅದರಲ್ಲೇ ಗುರುತು ಮಾಡಿಡಿ.

ಕರೆ ತಪ್ಪಿದ ದಿನ

ಎಂಟು ತಿಂಗಳಲ್ಲಿ ಕರೆ ತಪ್ಪದೇ ಇರುವುದಿಲ್ಲ. ಮೀಟಿಂಗ್ ಎಳೆಯುತ್ತದೆ, ನಮ್ಮಲ್ಲಿ ಕರೆಂಟ್ ಹೋಗುತ್ತದೆ. ಹೊಸ ಸಂಬಂಧದಲ್ಲಿ ತಪ್ಪಿದ ಕರೆಗಿಂತ ಅದರ ಸುತ್ತ ಹುಟ್ಟುವ ಊಹೆ ದೊಡ್ಡದು. ಹತ್ತು ನಿಮಿಷ ಕಾಯುವುದು, ಆಮೇಲೆ ಅವರವರ ಕೆಲಸಕ್ಕೆ ಹೋಗುವುದು ಅಂತ ಮಾಡಿಕೊಂಡೆವು. ತಪ್ಪಿಸಿದವರು ಕ್ಷಮೆ ಕೇಳಬೇಕಾಗಿಲ್ಲ, ಎರಡು ಮಾತು ಬರೆದರೆ ಸಾಕು: ಇವತ್ತು ಯಾಕೆ ಆಗಲಿಲ್ಲ, ಮುಂದಿನದು ಯಾವಾಗ. ಎರಡನೆಯದು ಮುಖ್ಯ. ಮುಂದಿನ ಹೊತ್ತು ಗೊತ್ತಿದ್ದರೆ ಮನಸ್ಸು ಕತೆ ಕಟ್ಟುವುದಿಲ್ಲ.

ಅಂಥ ದಿನ ಮಲಗುವ ಮುಂಚೆ ಒಂದು ವಾಯ್ಸ್ ಮೆಸೇಜ್ ಹಾಕುತ್ತೇವೆ, ಎರಡು ನಿಮಿಷ ಮೀರದ ಹಾಗೆ. ಅದರಲ್ಲಿ ಪ್ರಶ್ನೆ ಇರಬಾರದು. ಪ್ರಶ್ನೆ ಇದ್ದರೆ ಕೇಳಿದವರಿಗೆ ಉತ್ತರದ ಸಾಲ ಬೀಳುತ್ತದೆ. ದಿನದಲ್ಲಿ ನಡೆದ ಒಂದೇ ಒಂದು ಸಂಗತಿ ಇದ್ದರೆ ಚೆನ್ನ. ಮೆಟ್ರೋದಲ್ಲಿ ಪಕ್ಕ ಕೂತ ಅಜ್ಜಿ ಮಲ್ಲಿಗೆ ಮೊಳ ಕೊಟ್ಟು ಇಳಿದು ಹೋದದ್ದು, ಅವನ ಬೀದಿಯಲ್ಲಿ ಯಾರೋ ನಿಂಬೆಹಣ್ಣಿನ ಬುಟ್ಟಿ ಇಟ್ಟು ‘ಬೇಕಾದವರು ತಗೊಳ್ಳಿ’ ಅಂತ ಚೀಟಿ ಅಂಟಿಸಿದ್ದು, ಇಂಥವು.

ಫೋನ್ ತೋರಿಸದ ವಿಷಯಗಳೂ ಇವೆ. ಜ್ವರ ಬಂದಾಗ ಅವನು ಹೇಗಿರುತ್ತಾನೆ, ಹೋಟೆಲಿನಲ್ಲಿ ತಟ್ಟೆ ತಡವಾದರೆ ಮಾಣಿಯ ಜೊತೆ ಹೇಗೆ ಮಾತಾಡುತ್ತಾನೆ, ಸಿಟ್ಟು ಬಂದಾಗ ಬಾಗಿಲು ಎಷ್ಟು ಜೋರಾಗಿ ಹಾಕುತ್ತಾನೆ, ಇಪ್ಪತ್ತು ನಿಮಿಷದ ಪರದೆಯಲ್ಲಿ ಇದು ಕಾಣುವುದಿಲ್ಲ. ಅದನ್ನು ಕರೆಯಿಂದ ಕಂಡುಹಿಡಿಯಲು ಹೋಗಬೇಡಿ. ನಾನು ಒಂದು ಚಿಕ್ಕ ಪಟ್ಟಿ ಮಾಡಿಟ್ಟಿದ್ದೇನೆ, ಅವನಿಗೂ ಹೇಳಿದ್ದೇನೆ. ‘ನನ್ ಹತ್ರಾನೂ ಒಂದಿದೆ’ ಅಂದ. ಮದುವೆಗೆ ಎರಡು ವಾರ ಮುಂಚೆ ಬರುತ್ತಾನೆ, ಆಗ ಮೂರು ದಿನ ಮದುವೆ ಕೆಲಸ ಏನೂ ಇಟ್ಟುಕೊಳ್ಳದೆ ಬರೀ ತಿರುಗಾಡುವುದು ಅಂತ ಮನೆಯವರಿಗೆ ಹೇಳಿ ಒಪ್ಪಿಸಿದ್ದೇವೆ.

ಮದುವೆ ಮುಗಿಸಿ ಮಾರ್ಚ್ ಮೊದಲ ವಾರ ಅವನು ವಾಪಸ್ ಹೋಗುತ್ತಾನೆ. ಅದಾಗಿ ಬರುವ ಎರಡನೇ ಭಾನುವಾರ ಅಲ್ಲಿ ಗಡಿಯಾರ ಮುಂದೆ ಹೋಗುತ್ತದೆ, ನಮ್ಮ ಕರೆ ಮತ್ತೆ 7.15ಕ್ಕೆ ಬರುತ್ತದೆ. ಕ್ಯಾಲೆಂಡರ್‌ನಲ್ಲಿ ಈಗಲೇ ಹಾಕಿಟ್ಟಿದ್ದೇನೆ. ಸಾರಿನ ಪುಡಿ ಎಷ್ಟು ಕಳಿಸಬೇಕು ಅನ್ನೋದು ಮಾತ್ರ ಅತ್ತೆಗೂ ಅಮ್ಮನಿಗೂ ಇನ್ನೂ ಇತ್ಯರ್ಥ ಆಗಿಲ್ಲ.